ಥಾಯ್ ದಾಖಲೆಯ 2567 ಯಾವ ಇಸವಿ?

ಥಾಯ್ಲೆಂಡಿನ ವಿವಾಹ ನೋಂದಣಿ ಪತ್ರವೊಂದು ಬೆಂಗಳೂರಿನ ಕಚೇರಿಯ ಮೇಜಿನ ಮೇಲೆ ಬಂದು ಕೂತಿದೆ ಎಂದುಕೊಳ್ಳಿ. ಗಂಡ ಕನ್ನಡಿಗ, ಹೆಂಡತಿ ಥಾಯ್, ಮದುವೆ ನೋಂದಣಿ ಆದದ್ದು ಬ್ಯಾಂಕಾಕಿನಲ್ಲಿ. ದಿನಾಂಕದ ಸಾಲು ಹೀಗಿದೆ:

```
วันพฤหัสบดีที่ ๒๙ เดือนกุมภาพันธ์ พ.ศ. ๒๕๖๗
```

ಇದರಲ್ಲಿರುವುದು ಗುರುವಾರ, 29, ಫೆಬ್ರವರಿ, 2567. ವರ್ಷದ ಮುಂದಿರುವ พ.ศ. ಎಂಬ ಎರಡು ಅಕ್ಷರಗಳು ಥಾಯ್ ಭಾಷೆಯಲ್ಲಿ ‘ಬುದ್ಧ ಶಕ’ ಎಂಬುದರ ಸಂಕ್ಷೇಪ. ಇದೇ ಜಾಗದಲ್ಲಿ ค.ศ. ಎಂದಿದ್ದರೆ ಅದು ಕ್ರಿಸ್ತ ಶಕ, ಆಗ ಯಾವ ಲೆಕ್ಕವನ್ನೂ ಮಾಡಬೇಕಾಗಿಲ್ಲ. ಮೊದಲ ಅಕ್ಷರದ ಸಣ್ಣ ವ್ಯತ್ಯಾಸವನ್ನು ಗಮನಿಸದೆ ಲೆಕ್ಕಕ್ಕೆ ಇಳಿದರೆ ಐದು ಶತಮಾನ ಹೆಚ್ಚುಕಡಿಮೆಯಾಗುತ್ತದೆ.

2567ರಿಂದ 543 ಕಳೆದರೆ 2024. ದಿನವೂ ತಿಂಗಳೂ ನಮ್ಮ ಕ್ಯಾಲೆಂಡರಿನವೇ, ಅವುಗಳನ್ನು ಮುಟ್ಟುವಂತಿಲ್ಲ. ಆದ್ದರಿಂದ ಈ ಮದುವೆ ನೋಂದಣಿಯಾದದ್ದು 2024ರ ಫೆಬ್ರವರಿ 29ರಂದು. ಆ ದಿನ ಗುರುವಾರವೇ ಇತ್ತು. ಅಲ್ಲಿಗೆ ಸಾಲಿನ ಒಳಗಿನಿಂದಲೇ ಲೆಕ್ಕಕ್ಕೆ ಸಾಕ್ಷಿ ಸಿಕ್ಕಿತು.

ಇಷ್ಟೇ ಆಗಿದ್ದರೆ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ‘543 ಕಳೆಯಿರಿ’ ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ಆದರೆ ಅದು ಎಲ್ಲ ಬೌದ್ಧ ದೇಶಗಳಿಗೂ ಸಲ್ಲುವ ಸೂತ್ರವಲ್ಲ, ಥಾಯ್ಲೆಂಡಿನ ಎಲ್ಲ ಕಾಲಕ್ಕೂ ಸಲ್ಲುವ ಸೂತ್ರವೂ ಅಲ್ಲ. ದಾಖಲೆ ಎಲ್ಲಿಯದು, ಯಾವ ಕಾಲದ್ದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಕಳೆಯುವ ಕೆಲಸಕ್ಕೆ ಕೈ ಹಾಕಬೇಕು.

ಅದಕ್ಕೂ ಮೊದಲು ಸಾಲನ್ನು ಓದಿಕೊಳ್ಳಬೇಕಲ್ಲ. ಥಾಯ್ ಸರ್ಕಾರಿ ಪತ್ರಗಳಲ್ಲಿ ಅವರದೇ ಅಂಕಿಗಳು ಇರುವುದು ಸಾಮಾನ್ಯ. ಸೊನ್ನೆಯಿಂದ ಒಂಬತ್ತರವರೆಗೆ ಅವು ಹೀಗಿವೆ:

```
๐ ๑ ๒ ๓ ๔ ๕ ๖ ๗ ๘ ๙
0 1 2 3 4 5 6 7 8 9
```

ಇವುಗಳಲ್ಲಿ ಕಾಟ ಕೊಡುವ ಜೋಡಿ ನಾಲ್ಕು ಮತ್ತು ಐದು. ಎರಡರ ಆಕಾರವೂ ಹೆಚ್ಚುಕಡಿಮೆ ಒಂದೇ, ಐದಕ್ಕೆ ಒಂದು ಸಣ್ಣ ಕೊಂಡಿ ಹೆಚ್ಚು. ಮಾಸಿದ ನೆರಳಚ್ಚಿನಲ್ಲಿ ಆ ಕೊಂಡಿ ಅಳಿಸಿಹೋದರೆ 2557 ಎಂಬುದು 2547 ಆಗಿ ಕಾಣುತ್ತದೆ, ಹತ್ತು ವರ್ಷ ಹಾರಿಹೋಗುತ್ತದೆ. ಇಂಥ ಕಡೆ ವಾರದ ಹೆಸರು ನೆರವಿಗೆ ಬರುತ್ತದೆ.

ವಾರ ಮತ್ತು ತಿಂಗಳ ಹೆಸರುಗಳ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಥಾಯ್ ವಾರಗಳು ಆದಿತ್ಯ, ಚಂದ್ರ, ಅಂಗಾರಕ, ಬುಧ, ಬೃಹಸ್ಪತಿ, ಶುಕ್ರ, ಶನಿ ಇವರ ಹೆಸರುಗಳನ್ನೇ ಹೊತ್ತಿವೆ, ಉಚ್ಚಾರ ಮಾತ್ರ ಅವರದು. ತಿಂಗಳುಗಳು ಹನ್ನೆರಡು ರಾಶಿಗಳು. ಜನವರಿ ಮಕರ, ಫೆಬ್ರವರಿ ಕುಂಭ, ಮಾರ್ಚ್ ಮೀನ, ಏಪ್ರಿಲ್ ಮೇಷ, ಹೀಗೆ ಸಾಗಿ ಡಿಸೆಂಬರ್ ಧನುಸ್ಸಿಗೆ ಮುಗಿಯುತ್ತದೆ. ಮಕರ ಸಂಕ್ರಾಂತಿ ಬರುವ ತಿಂಗಳು ಮಕರ ಎಂದು ನೆನಪಿಟ್ಟುಕೊಂಡರೆ ಉಳಿದವು ಸಾಲಾಗಿ ಬರುತ್ತವೆ. ಒಂದು ಎಚ್ಚರ ಬೇಕು: ನಮ್ಮ ಸೌರಮಾಸದಂತೆ ಇದು ತಿಂಗಳ ನಡುವಿನಿಂದ ಆರಂಭವಾಗುವುದಿಲ್ಲ. ಥಾಯ್ ಮಕರ ಎಂದರೆ ಜನವರಿ 1ರಿಂದ 31ರವರೆಗಿನ ಅಚ್ಚುಕಟ್ಟಾದ ಜನವರಿ.

ಇನ್ನು ಮೊದಲ ಪ್ರಶ್ನೆಗೆ ಬರೋಣ: ದಾಖಲೆ ಎಲ್ಲಿಯದು?

ಬುದ್ಧ ಶಕದ ಎಣಿಕೆ ಬುದ್ಧನ ಹುಟ್ಟಿನಿಂದ ಆರಂಭವಾಗುವುದಿಲ್ಲ, ಮಹಾಪರಿನಿರ್ವಾಣದಿಂದ ಆರಂಭವಾಗುತ್ತದೆ. ಥೇರವಾದ ಸಂಪ್ರದಾಯ ಅದನ್ನು ಕ್ರಿ.ಪೂ. 544ರ ವೈಶಾಖ ಹುಣ್ಣಿಮೆಯಲ್ಲಿ ಇಡುತ್ತದೆ. ಇತಿಹಾಸಕಾರರು ಹೇಳುವ ಕಾಲ ಇದಕ್ಕಿಂತ ಈಚಿನದು, ಆದರೆ ದಾಖಲೆಯ ವರ್ಷವನ್ನು ಬದಲಿಸಿಕೊಳ್ಳಲು ಹೊರಟವರಿಗೆ ಆ ಚರ್ಚೆ ಬೇಕಾಗಿಲ್ಲ. ಬೇಕಾಗಿರುವುದು ಬೇರೊಂದು ಭೇದ. ಪರಿನಿರ್ವಾಣದ ನಂತರ ನಡೆಯುತ್ತಿದ್ದ ಆ ಮೊದಲ ವರ್ಷವನ್ನು ಏನೆಂದು ಕರೆಯಬೇಕು? ಶ್ರೀಲಂಕಾ ಮತ್ತು ಮ್ಯಾನ್ಮಾರ್ ಅದನ್ನೇ ‘ಒಂದು’ ಎಂದವು. ಥಾಯ್ಲೆಂಡ್ ಒಂದು ವರ್ಷ ಪೂರ್ತಿ ಕಳೆದ ಮೇಲೆ ‘ಒಂದು’ ಎಂದಿತು. ನಮ್ಮ ಶಾಸನಗಳನ್ನು ಓದುವವರಿಗೆ ಇದು ಹೊಸದೇನಲ್ಲ. ಶಕವರ್ಷ ಗತವೋ ವರ್ತಮಾನವೋ ಎಂದು ಅವರೂ ತಲೆ ಕೆಡಿಸಿಕೊಳ್ಳುತ್ತಾರೆ. ಶ್ರೀಲಂಕಾದ್ದು ವರ್ತಮಾನ ಎಣಿಕೆ, ಥಾಯ್ಲೆಂಡಿನದು ಗತ ಎಣಿಕೆ. ಆದ್ದರಿಂದಲೇ ಒಂದು ಕಡೆ 544, ಇನ್ನೊಂದು ಕಡೆ 543.

ಈ ಒಂದು ವರ್ಷದ ಅಂತರ ಲೋಕಕ್ಕೆಲ್ಲ ಕಾಣುವಂತೆ ಬಯಲಿಗೆ ಬಂದ ಸಂದರ್ಭವೂ ಇದೆ. ಬುದ್ಧನ 2500ನೇ ವರ್ಷದ ಉತ್ಸವವನ್ನು ಶ್ರೀಲಂಕಾ, ಬರ್ಮಾ ಮತ್ತು ಭಾರತ 1956ರ ವೈಶಾಖದಲ್ಲಿ ಆಚರಿಸಿದವು. ಅಂಬೇಡ್ಕರ್ ಅವರು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಥಾಯ್ಲೆಂಡ್ ಅದೇ 2500ನ್ನು 1957ರಲ್ಲಿ ಆಚರಿಸಿತು. ಇಬ್ಬರೂ ತಮ್ಮ ಲೆಕ್ಕದಲ್ಲಿ ಸರಿಯೇ. ಹೀಗಾಗಿ 2500 ಎಂಬ ಸಂಖ್ಯೆಯಿರುವ ಹಳೆಯ ಅಂಚೆಚೀಟಿಯೋ ಬುದ್ಧನ ಬಿಲ್ಲೆಯೋ ಕೈಗೆ ಸಿಕ್ಕರೆ, ಅದು ಯಾವ ದೇಶದ್ದೆಂದು ನೋಡದೆ ಇಸವಿ ಹೇಳುವುದು ಆತುರವಾಗುತ್ತದೆ.

ಗತ, ವರ್ತಮಾನದ ಜೊತೆಗೆ ಇನ್ನೊಂದು ತೊಡಕಿದೆ. ವರ್ಷ ಬದಲಾಗುವುದು ಯಾವ ದಿನ? ಇಂದಿನ ಥಾಯ್ಲೆಂಡಿನಲ್ಲಿ ಜನವರಿ 1ರಂದು. ಏಪ್ರಿಲ್ ನಡುವೆ ನೀರೆರಚಿ ಆಚರಿಸುವ ಸೊಂಗ್‌ಕ್ರಾನ್ ಅಲ್ಲಿನ ಸಾಂಪ್ರದಾಯಿಕ ಹೊಸವರ್ಷ ನಿಜ, ಆದರೆ ಅಂದು ದಾಖಲೆಯ ವರ್ಷ ಬದಲಾಗುವುದಿಲ್ಲ. ಶ್ರೀಲಂಕಾದಲ್ಲಿ ಬುದ್ಧ ವರ್ಷ ಬದಲಾಗುವುದು ವೈಶಾಖ ಹುಣ್ಣಿಮೆಗೆ, ಅಂದರೆ ಸಾಮಾನ್ಯವಾಗಿ ಮೇ ತಿಂಗಳಿನಲ್ಲಿ. ಕಾಂಬೋಡಿಯಾದಲ್ಲೂ ಹಾಗೆಯೇ. ಅಲ್ಲಿನ ಸರ್ಕಾರಿ ಪತ್ರಗಳಲ್ಲಿ ದಿನಾಂಕ ಎರಡು ಸಾಲುಗಳಲ್ಲಿರುತ್ತದೆ: ಮೇಲೆ ಚಾಂದ್ರಮಾನದ ತಿಥಿಯೂ ಬುದ್ಧ ಶಕವೂ, ಕೆಳಗೆ ನಮಗೆಲ್ಲ ಗೊತ್ತಿರುವ ದಿನಾಂಕ. 2024ರ ಜನವರಿಯ ಕಾಂಬೋಡಿಯನ್ ಪತ್ರದ ಮೇಲೆ 2567 ಇರುತ್ತದೆ, ಅದೇ ವರ್ಷದ ಜೂನ್ ಪತ್ರದ ಮೇಲೆ 2568 ಇರುತ್ತದೆ. ಹುಣ್ಣಿಮೆಗೆ ಮೊದಲು 543, ನಂತರ 544. ಮೇ ತಿಂಗಳಿನ ಪತ್ರವಾದರೆ ಆ ವರ್ಷದ ಹುಣ್ಣಿಮೆ ಎಂದು ಬಂತು ಎಂದು ಪಂಚಾಂಗ ನೋಡಲೇಬೇಕು. ಅದೃಷ್ಟಕ್ಕೆ ಕೆಳಗಿನ ಸಾಲು ಆ ಶ್ರಮವನ್ನು ಉಳಿಸುತ್ತದೆ. ಯಾರಾದರೂ ಮೇಲಿನ ಸಾಲನ್ನಷ್ಟೇ ಹಿಡಿದು ಲೆಕ್ಕ ಹಾಕಿ, ಎರಡು ಸಾಲು ತಾಳೆಯಾಗುತ್ತಿಲ್ಲವೆಂದು ಪತ್ರವನ್ನೇ ನಕಲಿ ಎಂದರೆ ತಪ್ಪು ಪತ್ರದ್ದಲ್ಲ.

ಇಷ್ಟನ್ನು ಬಿಟ್ಟರೆ ವ್ಯವಹಾರದ ಕಾಗದಗಳಲ್ಲಿ ಬುದ್ಧ ಶಕ ನಮ್ಮ ಎದುರಿಗೆ ಬರುವುದು ಬಹುಪಾಲು ಥಾಯ್ಲೆಂಡಿನಿಂದಲೇ. ಹಾಗೆಂದು ಎರಡು ಸಾವಿರ ದಾಟಿದ ವಿಚಿತ್ರ ವರ್ಷಗಳೆಲ್ಲ ಬುದ್ಧ ಶಕವಲ್ಲ. ನೇಪಾಳದ ಕಾಗದದ 2081 ವಿಕ್ರಮ ಸಂವತ್. ಬೈಲಕುಪ್ಪೆಯ ಟಿಬೆಟನ್ ಕ್ಯಾಲೆಂಡರಿನಲ್ಲಿ 2151 ಎಂದು ಕಂಡರೆ ಅದು ಟಿಬೆಟಿನ ರಾಜವರ್ಷ, 2024ರ ಲೋಸರ್ ಹಬ್ಬಕ್ಕೆ ಆರಂಭವಾದದ್ದು. ಅವರು ಬೌದ್ಧರೆಂಬ ಕಾರಣಕ್ಕೆ ಅದರಿಂದ 543 ಕಳೆದರೆ 1608ಕ್ಕೆ ಹೋಗಿ ನಿಲ್ಲುತ್ತೇವೆ.

ಎರಡನೆಯ ಪ್ರಶ್ನೆ ಹೆಚ್ಚು ಸ್ವಾರಸ್ಯದ್ದು, ಹೆಚ್ಚು ಜನ ಎಡವುವುದೂ ಇಲ್ಲಿಯೇ. ಥಾಯ್ ದಾಖಲೆ ಯಾವ ಕಾಲದ್ದು?

ಅಂದಿನ ಸಯಾಮ್ 1889ರ ಹೊತ್ತಿಗೆ ಚಾಂದ್ರಮಾನವನ್ನು ಬಿಟ್ಟು ಸೌರ ಕ್ಯಾಲೆಂಡರನ್ನು ಆಡಳಿತಕ್ಕೆ ತಂದಿತು. ತಿಂಗಳು, ದಿನಗಳು ಯುರೋಪಿನಂತೆಯೇ ಆದವು, ಆದರೆ ವರ್ಷಾರಂಭವನ್ನು ಏಪ್ರಿಲ್ 1ಕ್ಕೆ ಇಟ್ಟುಕೊಂಡರು. ಆಗ ವರ್ಷಗಳನ್ನು ಬ್ಯಾಂಕಾಕ್ ರಾಜಧಾನಿಯಾದ 1782ರಿಂದ ಎಣಿಸುತ್ತಿದ್ದರು, ಆ ಕಾಲದ ಕಾಗದಗಳಲ್ಲಿ 108, 112 ಎಂಬಂಥ ಮೂರಂಕಿಯ ವರ್ಷಗಳಿರುತ್ತವೆ. ಬುದ್ಧ ಶಕವನ್ನು ಅಧಿಕೃತ ಮಾಡಿದವನು ದೊರೆ ವಜಿರಾವುಧ್, 1913ರಲ್ಲಿ. ಎಣಿಕೆ ಬದಲಾಯಿತು, ಏಪ್ರಿಲ್ 1ರ ವರ್ಷಾರಂಭ ಹಾಗೆಯೇ ಉಳಿಯಿತು.

ಅದು ಬದಲಾದದ್ದು ಪಿಬೂನ್ ಸೊಂಗ್‌ಖ್ರಾಮ್ ಪ್ರಧಾನಿಯಾಗಿದ್ದಾಗ. ಹೊಸವರ್ಷವನ್ನು ಜನವರಿ 1ಕ್ಕೆ ಹಿಂದೂಡಲು ತೀರ್ಮಾನವಾಯಿತು. 1940ರ ಏಪ್ರಿಲ್ 1ಕ್ಕೆ ಆರಂಭವಾದ 2483ನೇ ವರ್ಷ ಡಿಸೆಂಬರ್ 31ಕ್ಕೇ ಮುಗಿಯಿತು, ಮರುದಿನ 2484 ಆರಂಭವಾಯಿತು. 2483ಕ್ಕೆ ಒಂಬತ್ತೇ ತಿಂಗಳು.

ಇದರ ಫಲವನ್ನು ಸಮಾಧಾನದಿಂದ ನೋಡಬೇಕು. ಆ ಬದಲಾವಣೆಗೆ ಮೊದಲು ಜನವರಿ, ಫೆಬ್ರವರಿ, ಮಾರ್ಚ್ ತಿಂಗಳುಗಳು ವರ್ಷದ ಮೊದಲಿಗೆ ಬರುತ್ತಿರಲಿಲ್ಲ, ಕೊನೆಗೆ ಬರುತ್ತಿದ್ದವು. ಇಸವಿ ಬದಲಾಗಿದ್ದರೂ ಬುದ್ಧ ಶಕದ ವರ್ಷ ಇನ್ನೂ ಹಳೆಯದೇ. ಆದ್ದರಿಂದ ಆ ಮೂರು ತಿಂಗಳಿಗೆ ಕಳೆಯಬೇಕಾದದ್ದು 542. ಶಾಲಿವಾಹನ ಶಕಕ್ಕೆ 78 ಕೂಡಿಸುವಾಗ ಯುಗಾದಿಗೆ ಮೊದಲಿನ ತಿಂಗಳುಗಳಿಗೆ ನಾವು 79 ಕೂಡಿಸುತ್ತೇವಲ್ಲ, ಇದರ ಹಿಂದಿರುವುದೂ ಅದೇ ತರ್ಕ.

ದೊಡ್ಡ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ದೊರೆ ಪ್ರಜಾಧಿಪೋಕ್ ಸಿಂಹಾಸನ ತ್ಯಜಿಸಿದ್ದು ಥಾಯ್ ದಾಖಲೆಗಳ ಪ್ರಕಾರ 2477ರ ಮಾರ್ಚ್ 2. ಕಣ್ಣು ಮುಚ್ಚಿ 543 ಕಳೆದರೆ 1934 ಬರುತ್ತದೆ. ಆದರೆ ಅವನು ಸಿಂಹಾಸನ ಬಿಟ್ಟದ್ದು 1935ರ ಮಾರ್ಚ್ 2ರಂದು, ಅದು ಶನಿವಾರ. 1934ರ ಮಾರ್ಚ್ 2 ಶುಕ್ರವಾರವಾಗಿತ್ತು. 2477 ಎಂಬ ವರ್ಷ ಓಡಿದ್ದು 1934ರ ಏಪ್ರಿಲಿನಿಂದ 1935ರ ಮಾರ್ಚ್ ಕೊನೆಯವರೆಗೆ, ಮಾರ್ಚ್ 2 ಅದರ ಕೊನೆಯ ತಿಂಗಳಿನಲ್ಲಿದೆ. ಅದೇ ದೊರೆಯ ಕಾಲದ ಇನ್ನೊಂದು ಘಟನೆ, ಸಂಪೂರ್ಣ ರಾಜಾಧಿಕಾರವನ್ನು ಕೊನೆಗಾಣಿಸಿದ ಕ್ರಾಂತಿ, ನಡೆದದ್ದು 2475ರ ಜೂನ್ 24ರಂದು. ಅದಕ್ಕೆ 543 ಕಳೆದು 1932 ಎಂದರೆ ಸರಿಯಾಗಿಯೇ ಇದೆ, ಏಕೆಂದರೆ ಅದು ಜೂನ್.

ರಾಜರ ಕಥೆ ಪುಸ್ತಕಗಳಲ್ಲಿ ತಿದ್ದಿಕೊಂಡು ಬಂದಿರುತ್ತದೆ. ಸಾಮಾನ್ಯರ ಜನ್ಮದಿನ ಹಾಗಲ್ಲ. ಅಜ್ಜಿಯೊಬ್ಬರ ಹಳೆಯ ಕಾಗದದಲ್ಲಿ ಹುಟ್ಟಿದ ದಿನ 2480ರ ಫೆಬ್ರವರಿ 10 ಎಂದಿದ್ದರೆ ಅವರು ಹುಟ್ಟಿದ್ದು 1938ರಲ್ಲಿ. ಯಂತ್ರವೋ ಅನುವಾದಕನೋ 543 ಕಳೆದು 1937 ಎಂದು ಬರೆದರೆ ಅವರಿಗೆ ಒಂದು ವರ್ಷ ಹೆಚ್ಚು ವಯಸ್ಸಾಗುತ್ತದೆ. ಮುಂದೆ ಆ ತಪ್ಪು ಇಸವಿಯೇ ಗುರುತಿನ ಚೀಟಿಗೂ ಪಾಸ್‌ಪೋರ್ಟಿಗೂ ಏರಿಬಿಟ್ಟರೆ ಒಂದೇ ಹೆಂಗಸಿಗೆ ಎರಡು ಜನ್ಮವರ್ಷ. ಹೀಗಾದಾಗ ಹೊಸದಾಗಿ ಲೆಕ್ಕ ಹಾಕಿ ಮೂರನೆಯ ಗೊಂದಲ ಹುಟ್ಟಿಸುವುದಕ್ಕಿಂತ, ಮೂಲದಲ್ಲಿ ಏನಿದೆ, ಪಾಸ್‌ಪೋರ್ಟಿನಲ್ಲಿ ಏನಿದೆ, ವ್ಯತ್ಯಾಸ ಏಕೆ ಬಂತು ಎಂದು ಟಿಪ್ಪಣಿಯಲ್ಲಿ ಬರೆಯುವುದೇ ಸರಿ ಎಂದು ನನ್ನ ಅಭಿಪ್ರಾಯ. ತಿಂಗಳೇ ಇಲ್ಲದೆ ಬರೀ 2480 ಎಂದಿದ್ದರೆ ಪ್ರಾಮಾಣಿಕ ಉತ್ತರ ಒಂದೇ: 1937ರ ಕೊನೆಯ ಒಂಬತ್ತು ತಿಂಗಳು ಅಥವಾ 1938ರ ಮೊದಲ ಮೂರು ತಿಂಗಳು.

ಒಂಬತ್ತು ತಿಂಗಳ ವರ್ಷದಿಂದ ಒಂದು ಉಪಕಾರವೂ ಇದೆ. 2483ರ ಜನವರಿ, ಫೆಬ್ರವರಿ, ಮಾರ್ಚ್ ಎಂಬುದು ಇರಲೇ ಇಲ್ಲ. 1940ರ ಫೆಬ್ರವರಿ 2482ಕ್ಕೆ ಸೇರುತ್ತದೆ, 1941ರ ಫೆಬ್ರವರಿ 2484ಕ್ಕೆ ಸೇರುತ್ತದೆ. ‘2483ರ ಫೆಬ್ರವರಿ 15’ ಎಂದು ಬರೆದ ಕಾಗದ ಸಿಕ್ಕರೆ ಅದು ಆ ದಿನ ಬರೆದದ್ದಲ್ಲ. ಬಹುಶಃ ನಂತರ ಯಾರೋ 1940ಕ್ಕೆ 543 ಕೂಡಿಸಿ ನಕಲು ಪ್ರತಿಯಲ್ಲಿ ತುಂಬಿರುತ್ತಾರೆ. ಮೋಸವೆಂದು ಕೂಡಲೇ ಕೂಗಬೇಕಾಗಿಲ್ಲ, ಮೂಲ ಪ್ರತಿಯನ್ನು ಕೇಳಬೇಕು.

ವಯಸ್ಸಿನ ಲೆಕ್ಕವನ್ನು ಸಾಮಾನ್ಯವಾಗಿ ಬುದ್ಧ ಶಕದಲ್ಲೇ ಮಾಡಬಹುದು. 2535ರಲ್ಲಿ ಹುಟ್ಟಿದವಳು 2567ರಲ್ಲಿ ಮದುವೆಯಾದರೆ ವಯಸ್ಸು 31 ಅಥವಾ 32, ಇಸವಿಗೆ ಬದಲಿಸಿದರೂ ಅಷ್ಟೇ. ಪತ್ರದಲ್ಲಿ ವಯಸ್ಸು ನಮೂದಾಗಿದ್ದರೆ ಅಂಕಿಗಳನ್ನು ಸರಿಯಾಗಿ ಓದಿದ್ದೇವೆಯೇ ಎಂದು ತಾಳೆ ನೋಡಲು ಇದು ಒಳ್ಳೆಯ ದಾರಿ. ಆದರೆ ಮೇಲಿನ ಅಜ್ಜಿಯಂಥವರ ವಿಷಯದಲ್ಲಿ ಇದೂ ಕೈಕೊಡುತ್ತದೆ. 2480ರ ಫೆಬ್ರವರಿಯಿಂದ 2500ರ ಫೆಬ್ರವರಿಗೆ ಕಾಗದದ ಮೇಲೆ 20 ವರ್ಷ, ನಿಜವಾಗಿ ಕಳೆದದ್ದು 19.

ಕಂಪ್ಯೂಟರಿನ ಕಡೆ ಬಂದರೆ ತೊಂದರೆಯ ರೂಪವೇ ಬೇರೆ. 29/02/2567 ಎಂಬುದನ್ನು ಹಾಗೆಯೇ ಟೈಪ್ ಮಾಡಿದರೆ ಬಹಳಷ್ಟು ತಂತ್ರಾಂಶಗಳು ಅದನ್ನು ದಿನಾಂಕವೆಂದು ಒಪ್ಪುವುದಿಲ್ಲ. ಅವು 2567ನ್ನು ಮುಂದೆಂದೋ ಬರುವ ಇಸವಿ ಎಂದುಕೊಳ್ಳುತ್ತವೆ, ಬೆಸ ಸಂಖ್ಯೆಯ ಇಸವಿಯಲ್ಲಿ ಫೆಬ್ರವರಿ 29 ಎಲ್ಲಿಂದ ಬರಬೇಕು? ಬುದ್ಧ ಶಕದಲ್ಲಿ ಅಧಿಕ ವರ್ಷಗಳೆಲ್ಲ ಬೆಸ ಸಂಖ್ಯೆಗಳೇ: 2559, 2563, 2567. ಎಕ್ಸೆಲ್‌ನಲ್ಲಿ ಇದಕ್ಕಿಂತ ನಯವಾದ ಬಲೆಯೊಂದಿದೆ. ದಿನ, ತಿಂಗಳು, ವರ್ಷ ಮೂರು ಕಾಲಮ್ಮುಗಳಲ್ಲಿವೆ ಎನ್ನಿ. ಮೊದಲು ದಿನಾಂಕ ಕಟ್ಟಿ ಆಮೇಲೆ ವರ್ಷ ಕಳೆಯಲು ಹೋದರೆ, ಅದು ಇಲ್ಲದ ಫೆಬ್ರವರಿ 29ನ್ನು ಸದ್ದಿಲ್ಲದೆ ಮಾರ್ಚ್ 1 ಮಾಡಿಬಿಡುತ್ತದೆ. ಕೊನೆಗೆ ಸಿಗುವುದು 2024ರ ಮಾರ್ಚ್ 1, ನೋಡಲು ಯಾವ ದೋಷವೂ ಇಲ್ಲದ ತಪ್ಪು ದಿನಾಂಕ. ವರ್ಷವನ್ನು ಮೊದಲು ಕಳೆದು ಆಮೇಲೆ ದಿನಾಂಕ ಕಟ್ಟಬೇಕು:

```
=DATE(C2-543, B2, A2)
```

ಎರಡಂಕಿಯ ವರ್ಷ ಇನ್ನೂ ಕೆಟ್ಟದ್ದು. ಥಾಯ್ ರಸೀದಿಯಲ್ಲೋ ತಿಂಡಿ ಪೊಟ್ಟಣದ ಮೇಲೋ 15/06/67 ಎಂದಿದ್ದರೆ ಅದು 2567, ಅಂದರೆ 2024ರ ಜೂನ್ 15. ಎರಡಂಕಿಗೆ 43 ಕಳೆದರೆ ಸಾಕು, 67 ಹೋಗಿ 24 ಆಗುತ್ತದೆ. ಎಕ್ಸೆಲ್ ತನ್ನ ಸಾಮಾನ್ಯ ಏರ್ಪಾಡಿನಲ್ಲಿ 67ರಂಥ ದೊಡ್ಡ ಎರಡಂಕಿಗಳನ್ನು ಹಿಂದಿನ ಶತಮಾನಕ್ಕೆ ಸೇರಿಸುವುದರಿಂದ ಅದನ್ನು 1967 ಎಂದು ಓದುತ್ತದೆ. ಪೊಟ್ಟಣದ ವಿಷಯದಲ್ಲಿ ಇದು ನಗೆಪಾಟಲು, ಆಸ್ಪತ್ರೆಯ ವರದಿಯಲ್ಲೋ ವಿಮಾ ಕಾಗದದಲ್ಲೋ ನಗುವ ವಿಷಯವಲ್ಲ. ರಫ್ತಿಗೆಂದು ತಯಾರಾದ ಪೊಟ್ಟಣಗಳಲ್ಲಿ ಕ್ರಿಸ್ತ ಶಕವೇ ಇರಬಹುದು, ಆದ್ದರಿಂದ ಕಣ್ಣಿಗೆ ಬಿದ್ದ ಸಂಖ್ಯೆಯಿಂದೆಲ್ಲ 43 ಕಳೆಯಬಾರದು. 25 ಎಂದಿದ್ದರೆ ಅದು 2525 ಆಗಿರಲು ಸಾಧ್ಯವಿಲ್ಲ, ಅಷ್ಟು ಹಳೆಯ ತಿಂಡಿಯನ್ನು ಯಾರೂ ಮಾರುವುದಿಲ್ಲ.

ಒಮ್ಮೊಮ್ಮೆ ಬುದ್ಧ ಶಕ ಕಾಗದದಿಂದಲ್ಲ, ಯಂತ್ರದ ಏರ್ಪಾಡಿನಿಂದಲೇ ಬಂದಿರುತ್ತದೆ. ಐಫೋನಿನ ಭಾಷೆ ಮತ್ತು ಪ್ರದೇಶದ ಏರ್ಪಾಡಿನಲ್ಲಿ ಬೌದ್ಧ ಕ್ಯಾಲೆಂಡರ್ ಆಯ್ಕೆಯಾಗಿದ್ದರೆ ಫೋನಿನ ತುಂಬ 2567ರಂಥ ವರ್ಷಗಳೇ ಕಾಣುತ್ತವೆ. ಜಾಲತಾಣ ಬರೆಯುವವರು ಥಾಯ್ ರೂಪದ ದಿನಾಂಕ ಕೇಳಿದರೂ ಸಿಗುವುದು ಅದೇ:

```
new Date(2024, 1, 29).toLocaleDateString('th-TH')
// 29/2/2567
```

ಇಲ್ಲಿ ಒಳಗಿರುವ ದಿನಾಂಕ 2024ರದೇ, ತೋರಿಸುವಾಗ ಮಾತ್ರ ವೇಷ ಬದಲಾಗಿದೆ. ಅಂಥದ್ದನ್ನು ‘ಸರಿಪಡಿಸಲು’ ಒಳಗಿನ ವರ್ಷದಿಂದ 543 ಕಳೆದವರ ಕೈಗೆ 1481 ಬರುತ್ತದೆ. ಎರಡು ಬಾರಿ ಕಳೆದ ಇಂಥ ತಪ್ಪು ಅನುವಾದಗಳಲ್ಲೂ ಆಗಬಹುದು. ಥಾಯ್ ಗುರುತಿನ ಚೀಟಿಯಲ್ಲಿ ಜನ್ಮದಿನ ಎರಡು ಸಲ ಅಚ್ಚಾಗಿರುತ್ತದೆ, ಥಾಯ್ ಸಾಲಿನಲ್ಲಿ 2535, ಇಂಗ್ಲಿಷ್ ಸಾಲಿನಲ್ಲಿ 1992. ಪಾಸ್‌ಪೋರ್ಟಿನಲ್ಲೂ ಇಂಗ್ಲಿಷ್ ಸಾಲು ಕ್ರಿಸ್ತ ಶಕದ್ದೇ. ಆ ಸಾಲುಗಳ ಲೆಕ್ಕ ಆಗಲೇ ಮುಗಿದಿದೆ.

ಮೊದಲಿಗೆ ನೋಡಿದ ವಿವಾಹ ಪತ್ರದಂಥದ್ದನ್ನು ಅನುವಾದಿಸುವವರು ಇಸವಿಯನ್ನಷ್ಟೇ ಬರೆದು ಮೂಲದ ವರ್ಷವನ್ನು ಅಳಿಸಿಬಿಡುವ ರೂಢಿ ನನಗೆ ಹಿಡಿಸುವುದಿಲ್ಲ. ‘29 ಫೆಬ್ರವರಿ, ಬುದ್ಧ ಶಕ 2567 (ಕ್ರಿ.ಶ. 2024)’ ಎಂದು ಎರಡನ್ನೂ ಬರೆದರೆ ಪರಿಶೀಲಿಸುವ ಅಧಿಕಾರಿ ಮೂಲದೊಂದಿಗೆ ಅಂಕಿಗೆ ಅಂಕಿ ಹೋಲಿಸಬಹುದು, ಕಳೆದದ್ದು 543ಓ 542ಓ ಎಂಬುದೂ ಅಲ್ಲೇ ಕಾಣುತ್ತದೆ.